ಮದರಂಗಿಯ ಕೆಂಪಿನಿಂದ ಹುಣಸೆಬೀಜದ ಕಂದಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನರೆಗೂದಲಿಗೆ ಮದರಂಗಿ ಹಚ್ಚಿಕೊಳ್ಳುವವರ ತಲೆಯನ್ನು ಬಿಸಿಲಿನಲ್ಲಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕಪ್ಪಾಗಿಯೇ ಉಳಿದಿರುವ ಕೂದಲ ಮೇಲೆ ಮದರಂಗಿ ತೆಳುವಾದ ಕೆಂಪು ಹೊಳಪನ್ನಷ್ಟೇ ಕೊಟ್ಟಿರುತ್ತದೆ; ಆದರೆ ಕಿವಿಯ ಪಕ್ಕದಲ್ಲಿ, ಬೈತಲೆಯ ಎರಡೂ ಬದಿಗಳಲ್ಲಿ ಬಿಳಿಯಾಗಿದ್ದ ಎಳೆಗಳು ಹುಣಸೆಹಣ್ಣು ಹಾಕಿ ಬೆಳಗಿದ ತಾಮ್ರದ ಚೊಂಬಿನಂತೆ ಹೊಳೆಯುತ್ತಿರುತ್ತವೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಹೆಂಗಸರ ಕೂದಲಿನ ಆರೈಕೆಯ ಕೆಲಸದಲ್ಲಿರುವ ನನ್ನ ಬಳಿ ಈ ಬಣ್ಣದ ಬಗ್ಗೆ ಬಂದಷ್ಟು ದೂರು ಬೇರಾವುದರ ಬಗ್ಗೆಯೂ ಬಂದಿಲ್ಲ. ಬಂದವರಲ್ಲಿ ಹೆಚ್ಚಿನವರು ಕೇಳುವುದು ಕಡುಗಪ್ಪನ್ನಲ್ಲ, ವಯಸ್ಸಿಗೆ ಒಪ್ಪುವ, ಹುಟ್ಟಿನಿಂದಲೇ ಇತ್ತೇನೋ ಎನಿಸುವ ಕಂದನ್ನು. ಆ ಕಂದನ್ನು ನೀಲಿ ಗಿಡದ ಸೊಪ್ಪಿನ ಪುಡಿಯಿಂದ, ಅಂದರೆ ಇಂಡಿಗೋ ಪುಡಿಯಿಂದ ಪಡೆಯುವ ಬಗೆಯನ್ನು ಇಂದು ವಿವರವಾಗಿ ಹೇಳುತ್ತೇನೆ.

ಮೊದಲು ಕಿತ್ತಳೆ ಬಣ್ಣ ಏಕೆ ಬರುತ್ತದೆ ಎಂಬುದನ್ನು ತಿಳಿಯೋಣ. ಮದರಂಗಿ ಎಲೆಯಲ್ಲಿ ಲಾಸೋನ್ ಎಂಬ ಕೆಂಪು ಕಿತ್ತಳೆ ಬಣ್ಣದ ವಸ್ತುವಿದೆ. ಅದು ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೂದಲಿನ ಸ್ವಂತ ಬಣ್ಣವನ್ನು ಅದು ತೆಗೆಯುವುದಿಲ್ಲ, ಬಣ್ಣದ ಗಾಜಿನ ಹಾಳೆಯಂತೆ ಅದರ ಮೇಲೆ ಕೂರುತ್ತದೆ. ಹಿಂದೆ ಕಪ್ಪು ಇದ್ದರೆ ಆ ಕೆಂಪಿಗೆ ಗಾಢತೆ ಸಿಗುತ್ತದೆ. ನರೆತ ಎಳೆಯ ಹಿಂದೆ ಏನೂ ಇಲ್ಲದಿರುವುದರಿಂದ ಅಲ್ಲಿ ಕಾಣುವುದು ಲಾಸೋನಿನ ನಿಜವಾದ ಬಣ್ಣ. ಅಂಗಡಿಯ ರಾಸಾಯನಿಕ ಬಣ್ಣ ಹಚ್ಚಿದ ಕೂದಲು ತಿಂಗಳೆರಡು ತಿಂಗಳಲ್ಲಿ ಕಿತ್ತಳೆಗೆ ತಿರುಗುವುದರ ಕಾರಣ ಬೇರೆಯೇ ಆಗಿದೆ. ಅಲ್ಲಿ ಪೆರಾಕ್ಸೈಡ್ ಕೂದಲಿನ ಸ್ವಂತ ಕಪ್ಪನ್ನು ಒಂದಿಷ್ಟು ತಿಳಿಯಾಗಿಸಿರುತ್ತದೆ, ಮೇಲೆ ಹಚ್ಚಿದ ಬಣ್ಣ ತೊಳೆದುಹೋದಾಗ ಒಳಗಿನ ಕಿತ್ತಳೆ ಹೊರಗೆ ಕಾಣುತ್ತದೆ. ಅಂಥ ಕೂದಲಿಗೆ ನೀಲಿ ಬಣ್ಣದ ಶಾಂಪೂ ಕೆಲವು ದಿನಗಳ ಮಟ್ಟಿಗೆ ನೆರವಾಗುತ್ತದೆ. ವರ್ಷಗಟ್ಟಲೆ ಕೂತ ಮದರಂಗಿಯ ಮೇಲೆ ಅದರ ಪ್ರಭಾವ ತೀರಾ ಕಡಿಮೆ.

ಹಾಗಾದರೆ ಮದರಂಗಿಯನ್ನು ತೆಗೆದುಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಬ್ಲೀಚ್ ಹಾಕಿದರೆ ಕೆಂಪಿನ ಜೊತೆಗೆ ನಿಮ್ಮ ಸ್ವಂತ ಕಪ್ಪೂ ಹೋಗುತ್ತದೆ, ಕೂದಲು ಇನ್ನಷ್ಟು ಕಿತ್ತಳೆಯಾಗುತ್ತದೆ, ಒರಟಾಗುತ್ತದೆ. ಆದ್ದರಿಂದ ನನ್ನ ದಾರಿ ಕಳೆಯುವುದಲ್ಲ, ಕೂಡಿಸುವುದು. ಕಿತ್ತಳೆಗೆ ಎದುರಾದ ಬಣ್ಣ ನೀಲಿ. ಕಿತ್ತಳೆಯ ಮೇಲೆ ನೀಲಿ ಕೂತಾಗ ಎರಡೂ ಸೇರಿ ಕಂದಾಗುತ್ತವೆ. ಆದರೆ ಪ್ರತಿ ಪದರವೂ ಬೆಳಕನ್ನು ಇನ್ನಷ್ಟು ಹೀರಿಕೊಳ್ಳುವುದರಿಂದ ನೀಲಿ ಹೆಚ್ಚಾದಂತೆ ಕಂದು ಕಪ್ಪಿನ ಕಡೆಗೆ ಜಾರುತ್ತದೆ. ಕೂದಲ ಗಾಢತೆಯನ್ನು ಉಳಿಸಿಕೊಂಡು, ಆದರೆ ಮಸಿಯಂತಾಗದ ಹಾಗೆ ಕಂದನ್ನು ಹಿಡಿಯಬೇಕೆಂದರೆ ನಮ್ಮ ಕೈಯಲ್ಲಿರುವ ಮುಖ್ಯ ಹಿಡಿತ ಒಂದೇ, ಅದು ಸಮಯ.

ನೀಲಿ ಸೊಪ್ಪಿನ ಪುಡಿ ಮದರಂಗಿಯಂತೆ ವರ್ತಿಸುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನ ಸೋಲುಗಳೆಲ್ಲ ಎರಡನ್ನೂ ಒಂದೇ ರೀತಿ ಕಲಸುವುದರಿಂದ ಆಗುತ್ತವೆ. ಮದರಂಗಿಗೆ ನಿಂಬೆರಸವೋ ಚಹಾದ ಡಿಕಾಕ್ಷನ್ನೋ ಹಾಕಿ ರಾತ್ರಿಯಿಡೀ ನೆನೆಸಿಡುವುದು ರೂಢಿ. ಸ್ವಲ್ಪ ಹುಳಿ ಅದಕ್ಕೆ ಒಗ್ಗುತ್ತದೆ. ನೀಲಿಗೆ ಹುಳಿ ಒಗ್ಗುವುದಿಲ್ಲ. ಆ ಎಲೆಯಲ್ಲಿರುವುದು ಸಿದ್ಧವಾದ ನೀಲಿಯಲ್ಲ, ಇಂಡಿಕನ್ ಎಂಬ ಬಣ್ಣವಿಲ್ಲದ ವಸ್ತು. ನೀರು ತಾಗಿದಾಗ ಅದು ಒಡೆದು ಕೂದಲೊಳಗೆ ಇಳಿಯಬಲ್ಲ ರೂಪಕ್ಕೆ ಬರುತ್ತದೆ, ಆಮೇಲೆ ಗಾಳಿ ತಾಗಿದಾಗ ನೀಲಿಯಾಗುತ್ತದೆ. ಬಟ್ಟಲಿನಲ್ಲೇ ಪೂರ್ತಿ ನೀಲಿಯಾಗಿಬಿಟ್ಟರೆ ಅದು ಕೂದಲಿಗೆ ಹಿಡಿಯುವುದಿಲ್ಲ. ಹೀಗಾಗಿ ನೀಲಿಯನ್ನು ಉಗುರುಬೆಚ್ಚಗಿನ ಬರಿಯ ನೀರಿನಲ್ಲಿ ಕಲಸಬೇಕು. ಮೊಸರು, ನಿಂಬೆ, ನೆಲ್ಲಿ ಪುಡಿ, ಸೀಗೆಕಾಯಿ ಯಾವುದೂ ಬೇಡ. ಕಲಸಿ ಹತ್ತರಿಂದ ಹದಿನೈದು ನಿಮಿಷ ಬಿಟ್ಟರೆ ಹಸಿರು ಹಿಟ್ಟಿನ ಮೇಲ್ಮೈಯಲ್ಲಿ ಕಡುನೀಲಿ ಕೆನೆ ಕಟ್ಟುತ್ತದೆ, ಅದೇ ಹಚ್ಚುವ ಹೊತ್ತು. ಅಲ್ಲಿಂದ ಸುಮಾರು ಅರ್ಧ ಗಂಟೆಯೊಳಗೆ ಹಚ್ಚಿ ಮುಗಿಸಬೇಕು. ಗ್ರಂಥಿಗೆ ಅಂಗಡಿಯಿಂದ ತಂದ ಪುಡಿ ಹಳೆಯದೋ ಹೊಸದೋ ಎಂದು ತಿಳಿಯುವುದೂ ಹೀಗೆಯೇ: ಒಂದು ಚಮಚ ಪುಡಿಯನ್ನು ಕಲಸಿಟ್ಟು ನೋಡಿದಾಗ ಕೆನೆ ಕಟ್ಟದಿದ್ದರೆ ಆ ಪುಡಿಯ ಸತ್ವ ಹೋಗಿದೆ ಎಂದರ್ಥ.

ಈಗ ನಾನು ಮಾಡಿದ ಒಂದು ಕೆಲಸವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಸುಮಾರು 52 ವರ್ಷದ ಶಿಕ್ಷಕಿಯೊಬ್ಬರು ಬಂದಿದ್ದರು. ಭುಜದವರೆಗಿನ ಕೂದಲು, ಸುಮಾರು ಅರ್ಧದಷ್ಟು ನರೆ, ಆರು ವರ್ಷಗಳಿಂದ ತಿಂಗಳಿಗೊಮ್ಮೆ ಮದರಂಗಿ. "ಕಪ್ಪು ಮಾಡಬೇಡಿ ಮೇಡಂ, ಕೆಂಪೂ ಬೇಡ, ನನ್ನ ಕೂದಲೇ ಅನ್ನಿಸಬೇಕು" ಎಂದರು. ಅವರ ಕೂದಲಿನಲ್ಲಿ ಮೂರು ಬಣ್ಣಗಳಿದ್ದವು. ಬುಡದಲ್ಲಿ ಎರಡು ಸೆಂಟಿಮೀಟರಿನಷ್ಟು ಹೊಸ ಬಿಳಿ, ಅದರ ಮುಂದೆ ಒಂದು ಗೇಣು ಹೊಳೆಯುವ ಕಿತ್ತಳೆ, ತುದಿಯಲ್ಲಿ ಪ್ರತಿಸಲವೂ ಮೇಲೆ ಮೇಲೆ ಹಚ್ಚಿದ್ದರಿಂದ ಕಡು ಇಟ್ಟಿಗೆ ಬಣ್ಣ. ಇಡೀ ತಲೆಗೆ ಒಂದೇ ಸಮಯ ಹಚ್ಚಿದ್ದರೆ ಬುಡ ಕಂದಾಗುವಷ್ಟರಲ್ಲಿ ತುದಿ ಕಪ್ಪಾಗುತ್ತಿತ್ತು.

ಆದ್ದರಿಂದ ಒಂದು ವಾರ ಬಾಚಣಿಗೆಗೆ ಬಂದ ಕೂದಲನ್ನು ಎಸೆಯದೆ ಕೂಡಿಡಲು ಹೇಳಿದೆ. ಆ ಕೂದಲನ್ನು ಶಾಂಪೂವಿನಲ್ಲಿ ತೊಳೆದು, ದಾರ ಕಟ್ಟಿ ಮೂರು ಕುಚ್ಚು ಮಾಡಿ, ಒಂದು ಚಮಚ ನೀಲಿಯನ್ನು ಕಲಸಿ, ಒಂದನ್ನು 20 ನಿಮಿಷ, ಇನ್ನೊಂದನ್ನು 40, ಮತ್ತೊಂದನ್ನು 60 ನಿಮಿಷ ಅದರಲ್ಲಿಟ್ಟೆ. ತೊಳೆದ ಕೂಡಲೇ ನಿರ್ಧಾರ ಮಾಡಲಿಲ್ಲ. ನೀಲಿ ಗಾಳಿಯಲ್ಲಿ ಪಕ್ವವಾಗಲು ಎರಡು ದಿನ ಬೇಕು. ಎರಡು ದಿನದ ನಂತರ ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ನೋಡಿದೆವು, ಟ್ಯೂಬ್‌ಲೈಟಿನ ಕೆಳಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಇಪ್ಪತ್ತು ನಿಮಿಷದ ಕುಚ್ಚಿನಲ್ಲಿ ಕಿತ್ತಳೆ ತಗ್ಗಿತ್ತು, ಆದರೆ ಕೆಂಪು ಉಳಿದಿತ್ತು. ನಲವತ್ತರದ್ದರಲ್ಲಿ ಕಿತ್ತಳೆಯ ಭಾಗ ಹುಣಸೆಬೀಜದ ಬಣ್ಣಕ್ಕೆ ಬಂದಿತ್ತು, ತುದಿ ಮಾತ್ರ ಬೇಕಾದ್ದಕ್ಕಿಂತ ಕಪ್ಪಾಗಿತ್ತು. ಅರವತ್ತರದ್ದು ಪೂರ್ತಿ ಕಪ್ಪು. ಹಾಗಾಗಿ ಕಿತ್ತಳೆಯ ಭಾಗಕ್ಕೆ 40 ನಿಮಿಷ, ತುದಿಗೆ 15 ನಿಮಿಷ ಎಂದು ಗೊತ್ತುಮಾಡಿಕೊಂಡೆವು.

ಹೊಸ ಬಿಳಿ ಬುಡಕ್ಕೆ ಮೊದಲು ಮದರಂಗಿ ಬೇಕೇ ಬೇಕು. ಬಿಳಿಯ ಮೇಲೆ ನೇರವಾಗಿ ನೀಲಿ ಹಚ್ಚಿದರೆ ಕಂದಾಗಲು ಅಡಿಯಲ್ಲಿ ಕಿತ್ತಳೆಯಿರುವುದಿಲ್ಲ, ಕೂದಲು ನೀಲಿಯೋ ಹಸಿರೋ ಬೆರೆತ ಬೂದಿಯಾಗುತ್ತದೆ. ಅವರ ಬುಡಕ್ಕೆ ಮಾತ್ರ 50 ಗ್ರಾಂ ಮದರಂಗಿಯನ್ನು ಎರಡು ಗಂಟೆ ಹಚ್ಚಿ ತೊಳೆದು, ಶಾಂಪೂ ಹಾಕಿದೆ. ಎಣ್ಣೆಯಂಶ ಇದ್ದಲ್ಲಿ ನೀಲಿ ಹಿಡಿಯುವುದಿಲ್ಲವಾದ್ದರಿಂದ ಕಂಡಿಷನರ್ ಹಾಕಲಿಲ್ಲ. ನಂತರ 100 ಗ್ರಾಂ ನೀಲಿಯನ್ನು ಒಟ್ಟಿಗೆ ಕಲಸದೆ, ಅರ್ಧರ್ಧವಾಗಿ ಎರಡು ಸಲ, ಗಟ್ಟಿ ಮೊಸರಿನ ಹದಕ್ಕೆ ಕಲಸಿದೆ. ಒದ್ದೆ ಕೂದಲನ್ನು ನಾಲ್ಕು ಭಾಗ ಮಾಡಿ, ಬಣ್ಣ ಹಿಡಿಯಲು ಹಟ ಮಾಡುವ ಕಿವಿಯ ಪಕ್ಕದಿಂದ ಶುರುಮಾಡಿ, ಬುಡಕ್ಕೂ ಕಿತ್ತಳೆಗೂ ದಪ್ಪವಾಗಿ ಮೆತ್ತಿ, ಒಣಗದಂತೆ ಪ್ಲಾಸ್ಟಿಕ್ ಟೋಪಿ ಹಾಕಿದೆ. ಇಪ್ಪತ್ತೈದು ನಿಮಿಷವಾದ ಮೇಲೆ ಎರಡನೆಯ ಬಟ್ಟಲಿನ ನೀಲಿಯನ್ನು ತುದಿಗೆ ಎಳೆದೆ. ನಲವತ್ತು ತುಂಬಿದಾಗ ಬರಿಯ ನೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆದೆ.

ತೊಳೆದ ಮೇಲೆ ಕನ್ನಡಿ ನೋಡಿ ಅವರು ಗಾಬರಿಯಾದರು, ಏಕೆಂದರೆ ಕಿವಿಯ ಪಕ್ಕದ ಎಳೆಗಳಲ್ಲಿ ಹಸಿರು ಛಾಯೆ ಇತ್ತು. ಇದು ಮೊದಲ ದಿನ ಕಾಣುವುದು ಸಹಜ. ಎರಡು ದಿನ ಶಾಂಪೂ ಹಾಕಬಾರದೆಂದು ಹೇಳಿ ಕಳಿಸಿದೆ. ಮೂರನೆಯ ದಿನ ಹಸಿರು ಹೋಗಿ ಕಂದು ನಿಂತಿತ್ತು, ಕಿವಿಯ ಪಕ್ಕದಲ್ಲಿ ಮಾತ್ರ ಸ್ವಲ್ಪ ಕೆಂಪು ಉಳಿದಿತ್ತು. ಅಷ್ಟಕ್ಕೇ ಇನ್ನೊಮ್ಮೆ 15 ನಿಮಿಷ ನೀಲಿ ಹಚ್ಚಿದೆವು. ನಾನು ಯಾವಾಗಲೂ ಕಡಿಮೆಯ ಕಡೆಗೇ ವಾಲುವುದು ಇದಕ್ಕಾಗಿ: ಕಡಿಮೆಯಾದರೆ ಮತ್ತೆ ಹಚ್ಚಬಹುದು, ಹೆಚ್ಚಾದರೆ ತೆಗೆಯಲು ಒಳ್ಳೆಯ ಉಪಾಯವಿಲ್ಲ. ಮೊದಲ ಕೆಲವು ದಿನಗಳಲ್ಲಿ ಎಣ್ಣೆ ಹಚ್ಚಿ ಎರಡು ಮೂರು ಸಲ ಶಾಂಪೂ ಹಾಕಿದರೆ ಒಂದು ತೂಕ ತಿಳಿಯಾಗಬಹುದು, ಅಷ್ಟೇ. ನೀಲಿ ಕೂತ ಕೂದಲಿಗೆ ಬ್ಲೀಚ್ ಹಾಕಿದರೆ ಹಸಿರು ಉಳಿದುಬಿಡುವ ಸಂಭವವಿದೆ.

ಪುಡಿ ಕೊಳ್ಳುವಾಗ ಒಂದು ಎಚ್ಚರಿಕೆ. ಹತ್ತೇ ನಿಮಿಷದಲ್ಲಿ ಕಪ್ಪು ಮಾಡುವ 'ಕಪ್ಪು ಮೆಹೆಂದಿ' ಎಂಬ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಕೆಲವರಿಗೆ ಅದರಿಂದ ನೆತ್ತಿ ಸುಟ್ಟಂತಾಗಿ ಮುಖವೆಲ್ಲ ಊದಿಕೊಳ್ಳುತ್ತದೆ. ಬೇಕಾದ್ದು ಬರಿಯ ಎಲೆಯ ಪುಡಿ. ಪೊಟ್ಟಣದ ಮೇಲೆ ಬೇರೆ ಹೆಸರುಗಳಿದ್ದರೆ ಬಿಟ್ಟುಬಿಡಿ. ಎಲೆಯ ಪುಡಿಯನ್ನೂ ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ 48 ಗಂಟೆ ಕಾದು, ತುರಿಕೆಯೋ ಕೆಂಪೋ ಕಾಣದಿದ್ದರೆ ಮಾತ್ರ ತಲೆಗೆ ಹಚ್ಚಬೇಕು. ಹಿಂದೆ ಹಚ್ಚಿದ ಪುಡಿಯಲ್ಲಿ ಏನಿತ್ತೆಂದು ಗೊತ್ತಿಲ್ಲದವರು ಪಾರ್ಲರಿನಲ್ಲಿ ಪೆರಾಕ್ಸೈಡ್ ಇರುವ ಬಣ್ಣಕ್ಕೆ ಕೂರುವ ಮೊದಲು ಉದುರಿದ ಕೂದಲ ಮೇಲೆ ಅದನ್ನು ಪರೀಕ್ಷಿಸಲು ಕೇಳಿಕೊಳ್ಳಬೇಕು. ಪುಡಿಯಲ್ಲಿ ಲೋಹದ ಲವಣ ಇದ್ದಿದ್ದರೆ ಆ ಕುಚ್ಚು ಬಿಸಿಯಾಗುತ್ತದೆ, ನೊರೆ ಬರುತ್ತದೆ, ಕೆಟ್ಟ ವಾಸನೆ ಬೀರುತ್ತದೆ.

ಇನ್ನು ಮುಂದಿನ ತಿಂಗಳುಗಳ ಮಾತು. ನೀಲಿ ಮದರಂಗಿಯಷ್ಟು ಬಾಳುವುದಿಲ್ಲ. ವಾರಗಳು ಕಳೆದಂತೆ ಅದು ಮೊದಲು ಮಾಸಿ ಅಡಿಯ ಕೆಂಪು ಮತ್ತೆ ಇಣುಕುತ್ತದೆ. ಆ ಶಿಕ್ಷಕಿ ಈಗ ತಿಂಗಳಿಗೊಮ್ಮೆ ಹೊಸ ಬುಡಕ್ಕೆ ಮಾತ್ರ ಬಣ್ಣ ಹಚ್ಚಿಸಿಕೊಳ್ಳುತ್ತಾರೆ. ಮೊದಲೇ ನೆನೆಸಿಟ್ಟ ಒಂದು ಭಾಗ ಮದರಂಗಿಗೆ ಆಗಷ್ಟೇ ಕಲಸಿದ ಎರಡು ಭಾಗ ನೀಲಿಯನ್ನು ಸೇರಿಸಿ, ಎರಡು ಗಂಟೆ ಬಿಟ್ಟು ತೊಳೆಯುತ್ತೇವೆ. ಉದ್ದದ ಭಾಗವನ್ನು ಮುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ಬಿಸಿಲಿನಲ್ಲಿ ನೋಡಿ, ಕಿತ್ತಳೆ ಇಣುಕುತ್ತಿದ್ದರೆ ಅಷ್ಟು ಜಾಗಕ್ಕೆ ಹದಿನೈದು ನಿಮಿಷ ಬರಿಯ ನೀಲಿ ಹಚ್ಚುತ್ತೇವೆ. ಅವರ ಮೊದಲ ಮೂರು ಕುಚ್ಚುಗಳು ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿ ಸಮಯ ಬರೆದ ಚೀಟಿಯ ಜೊತೆಗಿವೆ. ಪ್ರತಿ ಸಲವೂ ನಲವತ್ತು ನಿಮಿಷದ ಕುಚ್ಚನ್ನು ಅವರ ಕಿವಿಯ ಪಕ್ಕ ಹಿಡಿದು, ಕಿಟಕಿಯ ಬೆಳಕಿನಲ್ಲಿ ಹೋಲಿಸಿ ನೋಡಿದ ನಂತರವೇ ನೀಲಿಗೆ ನೀರು ಹಾಕುತ್ತೇನೆ.

ನಮಸ್ಕಾರ.