ಏಳನೇ ತಾರೀಖಿನ ಮೆಸೇಜು ವೋಚರ್‌ನಿಂದ ಬರಲಿ

ಎಲ್ರಿಗೂ ನಮಸ್ಕಾರ. ಈ ಹಾಲಲ್ಲಿ ಅರ್ಧ ಜನ ಯೂನಿಟ್ ನಡೆಸೋರು, ಇನ್ನರ್ಧ ಅವರ ಲೆಕ್ಕ ಬರೆಯೋರು, ಹಾಗಾಗಿ ಟಿಡಿಎಸ್ ಅಂದ್ರೇನು ಜಿಎಸ್‌ಟಿ ಅಂದ್ರೇನು ಅಂತ ಶುರು ಮಾಡೋದಿಲ್ಲ. ನೇರವಾಗಿ ವಿಷಯಕ್ಕೆ ಬರ್ತೀನಿ. ನಿಮ್ಮ ಅಕೌಂಟಿಂಗ್ ಸಾಫ್ಟ್‌ವೇರ್ ಇಂದ ಪ್ರತಿ ತಿಂಗಳು ಒಂದು ಮೆಸೇಜ್ ಬರುತ್ತಲ್ಲ, "7ನೇ ತಾರೀಖು ಟಿಡಿಎಸ್ ಕಟ್ಟುವ ಕೊನೇ ದಿನ" ಅಂತ, ಅದನ್ನ ಯಾರು ಓದ್ತೀರಿ? ಕೈ ಎತ್ತಿ ನೋಡೋಣ. ಹಿಂದಿನ ಸಾಲಲ್ಲಿ ಒಬ್ರು ಮೇಡಂ ಎತ್ತಿದ್ರು, ಸಂತೋಷ.

ಓದೋದಿಲ್ಲ ಯಾಕಂದ್ರೆ ಅದು ಎಲ್ರಿಗೂ ಒಂದೇ ಥರ ಬರುತ್ತೆ. ಕಟ್ಟೋದಿದ್ರೂ ಬರುತ್ತೆ, ಕಟ್ಟೋದಿಲ್ಲದಿದ್ರೂ ಬರುತ್ತೆ. ನಾಲ್ಕು ತಿಂಗಳು "ಈ ತಿಂಗಳು ನಮ್ದೇನಿಲ್ಲ" ಅಂತ ಒರೆಸಿ ಹಾಕಿದ ಬೆರಳು ಐದನೇ ತಿಂಗಳೂ ಒರೆಸಿಯೇ ಹಾಕುತ್ತೆ, ಆ ಐದನೇ ತಿಂಗಳಲ್ಲೇ ನಿಜವಾಗ್ಲೂ ಕಟ್ಟೋದಿರುತ್ತೆ. ನಾನು ಹೇಳೋಕೆ ಬಂದಿರೋದು ಇಷ್ಟೇ, ಜ್ಞಾಪನೆ ಹುಟ್ಟಬೇಕಾದ್ದು ನೀವು ಹಾಕೋ ಎಂಟ್ರಿಯಿಂದ. ಯಾವ ಪಾರ್ಟಿ, ಎಷ್ಟು ದುಡ್ಡು, ಯಾವ ಬಿಲ್ಲು ಅಂತ ಅದರಲ್ಲಿರಬೇಕು, ಚಲನ್ ಎಂಟ್ರಿ ಆಗೋವರೆಗೂ ಅದು ಹೋಗಬಾರದು.

ಒಂದು ಕೇಸ್ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಎಲ್ಲಾ ಇದ್ರಲ್ಲೇ ಇದೆ. 2025-26ರ ಲೆಕ್ಕ. ಪೀಣ್ಯದಲ್ಲಿ ಒಂದು ಪಾಲುದಾರಿಕೆ ಫರ್ಮು, ಸಣ್ಣ ಮಷೀನ್ ಪಾರ್ಟ್ಸ್ ಮಾಡ್ತಾರೆ, ಪ್ಲೇಟಿಂಗ್ ಮಾತ್ರ ಹೊರಗೆ ಜಾಬ್ ವರ್ಕ್‌ಗೆ ಕೊಡ್ತಾರೆ. ಪ್ಲೇಟಿಂಗ್ ಮಾಡೋರೂ ಫರ್ಮೇ, ಹಾಗಾಗಿ ಟಿಡಿಎಸ್ ಶೇಕಡ 2. ಕಂಟ್ರಾಕ್ಟ್ ಕೆಲಸಕ್ಕೆ ಮಿತಿ ನಿಮಗೆ ಗೊತ್ತೇ ಇದೆ, ಒಂದು ಬಿಲ್ಲು 30,000 ದಾಟಬೇಕು, ಇಲ್ಲಾ ವರ್ಷದ ಒಟ್ಟು 1,00,000 ದಾಟಬೇಕು. ಏಪ್ರಿಲಲ್ಲಿ 22,000, ಮೇನಲ್ಲಿ 26,000, ಜೂನಲ್ಲಿ 24,000, ಜುಲೈನಲ್ಲಿ 21,000, ಇದು ಜಿಎಸ್‌ಟಿ ಬಿಟ್ಟು, ಬಿಲ್ಲಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ರೆ ಅದನ್ನ ಬಿಟ್ಟೇ ಎಣಿಸಬೇಕು. ಒಟ್ಟು 93,000. ಒಂದು ಬಿಲ್ಲೂ 30,000 ದಾಟಿಲ್ಲ, ಒಟ್ಟೂ ಲಕ್ಷ ದಾಟಿಲ್ಲ. ನಾಲ್ಕು ತಿಂಗಳೂ ಏಳನೇ ತಾರೀಖಿನ ಮೆಸೇಜ್ ಬಂತು, ನಾಲ್ಕು ಸಲವೂ ಒರೆಸಿದ್ರು, ಅದು ಸರಿಯೇ.

ಆ ವರ್ಷ ಗಣೇಶನ ಹಬ್ಬ ಆಗಸ್ಟ್ 27. ಅದಕ್ಕೆ ಎರಡು ದಿನ ಮುಂಚೆ, ಸೋಮವಾರ, ಪ್ಲೇಟಿಂಗ್ ಮಾಲೀಕರು ಫೋನ್ ಮಾಡಿದ್ರು, "ಅಣ್ಣಾ, ಹುಡುಗ್ರು ಊರಿಗೆ ಹೊರಟಿದಾರೆ, ಕೈಯಲ್ಲಿ ಒಂದಿಷ್ಟು ಕೊಟ್ಟು ಕಳಿಸ್ಬೇಕು, ಹತ್ತು ಸಾವಿರ ಹಾಕಿ, ಮುಂದಿನ ಬಿಲ್ಲಲ್ಲಿ ಮುರ್ಕೊಳೋಣ." ಪಾರ್ಟ್ಸ್ ಫರ್ಮಿನ ಮಾಲೀಕರು ಒಳ್ಳೇ ಮನುಷ್ಯ, ಅಲ್ಲೇ ನಿಂತು ಫರ್ಮಿನ ಕರೆಂಟ್ ಅಕೌಂಟಿಂದ ಯುಪಿಐ ಮಾಡಿದ್ರು. ಮಾಡಿದ್ದು ಒಳ್ಳೇದೇ, ಆದ್ರೆ ಅಕೌಂಟೆಂಟ್ ಹುಡುಗನಿಗೆ ಹೇಳಲಿಲ್ಲ, ಹಬ್ಬದ ಗಡಿಬಿಡಿ, ಎಲ್ರೂ ಊರಿಗೆ ಹೋದ್ರು.

ಈಗ ನೋಡಿ, 93,000ಕ್ಕೆ 10,000 ಸೇರಿ 1,03,000. ಟಿಡಿಎಸ್ ಹಿಡಿಯಬೇಕಾದ್ದು ಬಿಲ್ ಜಮಾ ಮಾಡಿದಾಗ ಅಥವಾ ದುಡ್ಡು ಕೊಟ್ಟಾಗ, ಯಾವುದು ಮೊದಲೋ ಆಗ. ಅಡ್ವಾನ್ಸ್ ಅಂದ್ರೂ ದುಡ್ಡು ಕೊಟ್ಟ ಹಾಗೆಯೇ. ಅಂದ್ರೆ ಆಗಸ್ಟ್ 25ನೇ ತಾರೀಖು ಮಿತಿ ದಾಟಿತು, ದಾಟಿದ ಮೇಲೆ ಹಿಡಿಯಬೇಕಾದ್ದು ಮೇಲಿನ ಮೂರು ಸಾವಿರದ ಮೇಲಲ್ಲ, ಪೂರ್ತಿ 1,03,000 ಮೇಲೆ. 2,060 ರೂಪಾಯಿ, ಸೆಪ್ಟೆಂಬರ್ 7ರೊಳಗೆ ಕಟ್ಟಬೇಕು.

ಸಾಫ್ಟ್‌ವೇರ್‌ಗೆ ಇದು ಗೊತ್ತಾಯ್ತಾ? ಬ್ಯಾಂಕ್ ಸ್ಟೇಟ್‌ಮೆಂಟ್ ಇಂಪೋರ್ಟ್ ಆಗಿದ್ದೇ ಸೆಪ್ಟೆಂಬರ್ ಎರಡನೇ ವಾರದಲ್ಲಿ, ಅದರಲ್ಲಿ ಹತ್ತು ಸಾವಿರದ ಎದುರು ಏನೋ ಒಂದು ಯುಪಿಐ ನಂಬರ್, ಹುಡುಗ ಸಸ್ಪೆನ್ಸ್‌ಗೆ ಹಾಕಿದ, "ಸರ್ ಬಂದ ಮೇಲೆ ಕೇಳೋಣ" ಅಂತ. ಆಗಸ್ಟ್ ಕೆಲಸದ 24,000 ಬಿಲ್ಲು ಗೇಟಿನ ಇನ್‌ವರ್ಡ್ ಫೈಲಲ್ಲಿ ಮಲಗಿತ್ತು, ಅದು ಸೆಪ್ಟೆಂಬರ್ 12ಕ್ಕೆ ಎಂಟ್ರಿ ಆಯ್ತು. ಇಷ್ಟೇ ಆಗಿದ್ರೂ 93,000ಕ್ಕೆ 24,000 ಸೇರಿ ಆಗಲಾದ್ರೂ ಗಂಟೆ ಹೊಡೀಬೇಕಿತ್ತು. ಹೊಡೀಲಿಲ್ಲ. ಯಾಕೆ ಗೊತ್ತಾ? ಆ ಪಾರ್ಟಿಗೆ ಎರಡು ಲೆಡ್ಜರ್ ಇತ್ತು, ಒಂದು ಹಳೇ ಅಕೌಂಟೆಂಟ್ ಮಾಡಿದ್ದು, ಇನ್ನೊಂದು ಕೊನೇಲಿ "ಪೀಣ್ಯ" ಅಂತ ಸೇರಿಸಿ ಹೊಸಬ ಮಾಡಿದ್ದು. ಬಿಲ್ಲುಗಳು ಎರಡರಲ್ಲೂ ಹಂಚಿಹೋಗಿದ್ವು, ಯಾವ ಲೆಡ್ಜರೂ ಒಂದು ಲಕ್ಷದ ಹತ್ತಿರಕ್ಕೂ ಹೋಗಿರಲಿಲ್ಲ. ಸಾಫ್ಟ್‌ವೇರ್ ಸುಳ್ಳು ಹೇಳಲಿಲ್ಲ, ಅದಕ್ಕೆ ಕಂಡಿದ್ದನ್ನ ಕೂಡಿಸಿತು.

ಅಕ್ಟೋಬರ್ ಎರಡನೇ ವಾರ ನಾವು ಅರ್ಧ ವರ್ಷದ ಪುಸ್ತಕ ನೋಡೋವಾಗ ಪ್ಯಾನ್ ನಂಬರ್ ಮೇಲೆ ಕೂಡಿಸಿ ನೋಡಿದ್ವಿ, ಸಿಕ್ಕಿತು. ಅಡ್ವಾನ್ಸ್ ಕಳೆದು ಬಿಲ್ಲಲ್ಲಿ ಉಳಿದ 14,000 ಮೇಲೆ 280 ರೂಪಾಯಿ, ಮೊದಲಿನ 2,060, ಒಟ್ಟು 2,340. ತಡವಾಗಿ ಹಿಡಿದಿದ್ದಕ್ಕೆ ತಿಂಗಳಿಗೆ ಶೇಕಡ 1 ಬಡ್ಡಿ, ತಿಂಗಳಲ್ಲಿ ಒಂದು ದಿನ ಸೇರಿದ್ರೂ ಪೂರ್ತಿ ತಿಂಗಳ ಲೆಕ್ಕ. ಮೊದಲನೇದಕ್ಕೆ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರು ತಿಂಗಳು, ಎರಡನೇದಕ್ಕೆ ಎರಡು ತಿಂಗಳು. ಎಲ್ಲಾ ಸೇರಿ 67 ರೂಪಾಯಿ ಚಿಲ್ರೆ. ಮಾಲೀಕರು ನಕ್ಕುಬಿಟ್ರು, "ಇದಕ್ಕಾ ಸರ್ ಇಷ್ಟು ಗಲಾಟೆ?" ಅಂದ್ರು.

ನಾನು ಇನ್ನೊಂದು ಲೆಕ್ಕ ಹಾಕಿ ತೋರಿಸಿದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸೋ ಕೊನೇ ದಿನದವರೆಗೂ ಇದು ಕಣ್ಣಿಗೆ ಬೀಳದೇ ಕಟ್ಟದೇ ಹೋಗಿದ್ರೆ, 1,17,000 ಖರ್ಚಲ್ಲಿ ಶೇಕಡ 30 ಆ ವರ್ಷಕ್ಕೆ ಖರ್ಚು ಅಂತ ಒಪ್ಪೋದಿಲ್ಲ. 35,100 ಲಾಭಕ್ಕೆ ಸೇರುತ್ತೆ, ಫರ್ಮಿಗೆ ಅದರ ಮೇಲೆ ಶೇಕಡ 30 ತೆರಿಗೆ, 4 ಸೆಸ್, ಹನ್ನೊಂದು ಸಾವಿರದ ಹತ್ತಿರ. ಮುಂದೆ ಕಟ್ಟಿದ ವರ್ಷ ಆ ಖರ್ಚು ವಾಪಸ್ ಸಿಗುತ್ತೆ, ನಿಜ, ಆದ್ರೆ ಈ ವರ್ಷ ಕೈಯಿಂದ ದುಡ್ಡು ಹೋಗುತ್ತಲ್ಲ. ಆಮೇಲೆ ಅವರು ನಗಲಿಲ್ಲ, ಅವತ್ತೇ ಚಲನ್ ಕಟ್ಟಿಸಿದ್ರು.

ಹಾಗಾದ್ರೆ ಆ ಫರ್ಮಲ್ಲಿ ಜ್ಞಾಪನೆ ಹೇಗೆ ಬದಲಾಯ್ಸಿದ್ವಿ ಅಂತ ಹೇಳ್ತೀನಿ, ಇದೇ ನನ್ನ ಮುಖ್ಯ ಮಾತು.

ಮೊದಲನೇದು ಒಟ್ಟು ಕೂಡಿಸೋದು ಪ್ಯಾನ್ ಮೇಲೆ, ಲೆಡ್ಜರ್ ಹೆಸರಿನ ಮೇಲಲ್ಲ. ಪ್ಯಾನ್ ಇಲ್ಲದ ಲೆಡ್ಜರ್‌ಗೆ ಕಂಟ್ರಾಕ್ಟ್ ಖರ್ಚಿನ ಬಿಲ್ಲು ಹಾಕೋಕೆ ಹೋದ್ರೆ ಅಲ್ಲೇ ತಡೀಬೇಕು. ಹೇಗೂ ಪ್ಯಾನ್ ಕೊಡದ ಪಾರ್ಟಿಗೆ ಶೇಕಡ 20 ಹಿಡಿಯಬೇಕಾಗುತ್ತೆ, ಹಾಗಾಗಿ ಇದು ಬೇಕೇ ಬೇಕು. ಮಿತಿ ದಾಟೋವರೆಗೂ ಕಾಯೋದೂ ಬೇಡ, 80,000ಕ್ಕೇ ಒಂದು ಸಾಲು ಬರಲಿ, "ಈ ಪಾರ್ಟಿ ಮುಂದಿನ ಬಿಲ್ಲಿಗೆ ದಾಟಬಹುದು, ಅಡ್ವಾನ್ಸ್ ಕೊಡೋ ಮುಂಚೆ ನೋಡಿ" ಅಂತ. ಈ ಸಾಲು ಹೋಗಬೇಕಾದ್ದು ಅಕೌಂಟೆಂಟ್‌ಗಲ್ಲ, ಯುಪಿಐ ಯಾರ ಕೈಯಲ್ಲಿದೆಯೋ ಅವರಿಗೆ. ನಮ್ಮಲ್ಲಿ ಎಲ್ಲಾ ಜ್ಞಾಪನೆ ಅಕೌಂಟೆಂಟ್ ಫೋನಿಗೆ ಹೋಗುತ್ತೆ, ಬ್ಯಾಂಕ್ ಓಟಿಪಿ ಮಾಲೀಕರ ಫೋನಿಗೆ ಬರುತ್ತೆ, ಮಾಲೀಕರು ಊರಲ್ಲಿರ್ತಾರೆ.

ಎರಡನೇದು ತಾರೀಖು. ಒಂದು ಬಿಲ್ಲಿಗೆ ಮೂರು ತಾರೀಖಿರುತ್ತೆ, ಪುಸ್ತಕದಲ್ಲಿ ಜಮಾ ಆದ ವೋಚರ್ ತಾರೀಖು, ದುಡ್ಡು ಹೋದ ತಾರೀಖು, ನೀವು ಕೂತು ಟೈಪ್ ಮಾಡಿದ ತಾರೀಖು. ಕೊನೇ ದಿನ ಲೆಕ್ಕ ಹಾಕೋದು ಮೊದಲ ಎರಡರಲ್ಲಿ ಯಾವುದು ಮುಂಚೆಯೋ ಅದರಿಂದ. ಟೈಪ್ ಮಾಡಿದ ತಾರೀಖಿಂದ ಲೆಕ್ಕ ಹಾಕೋ ಸೆಟ್ಟಿಂಗ್ ಕೆಲವು ಕಡೆ ನೋಡಿದೀನಿ, ಅದು ಸೆಪ್ಟೆಂಬರ್ 7 ಆಗಬೇಕಾದ್ದನ್ನ ಅಕ್ಟೋಬರ್ 7 ಅಂತ ನಗುನಗ್ತಾ ತೋರಿಸುತ್ತೆ. ನಿಮ್ಮದರಲ್ಲಿ ಪರೀಕ್ಷೆ ಮಾಡೋದು ಸುಲಭ, ಎರಡು ತಿಂಗಳ ಹಿಂದಿನ ತಾರೀಖು ಹಾಕಿ ಮಿತಿ ದಾಟಿದ ಒಂದು ಸುಳ್ಳು ಬಿಲ್ಲು ಟೆಸ್ಟ್ ಕಂಪನಿಯಲ್ಲಿ ಎಂಟ್ರಿ ಮಾಡಿ, "ಅವಧಿ ಮೀರಿದೆ" ಅಂತ ಕೆಂಪಲ್ಲಿ ಬರಬೇಕು. ಮುಂದಿನ ತಿಂಗಳ ತಾರೀಖು ಬಂದ್ರೆ ಸೆಟ್ಟಿಂಗ್ ತಪ್ಪು.

ಮಾರ್ಚ್ ಮಾತ್ರ ಬೇರೆ, ಮಾರ್ಚಲ್ಲಿ ಹಿಡಿದಿದ್ದಕ್ಕೆ ಏಪ್ರಿಲ್ 30ರವರೆಗೂ ಟೈಮಿದೆ. ಭಾನುವಾರನೂ ನೋಡಬೇಕು, ಆ ವರ್ಷ ಸೆಪ್ಟೆಂಬರ್ 7 ಭಾನುವಾರ. ಆನ್‌ಲೈನಲ್ಲಿ ಭಾನುವಾರನೂ ಕಟ್ಟಬಹುದು ಸರಿ, ಓಟಿಪಿ ಕೊಡೋ ಮನುಷ್ಯ ಸಿಗಬೇಕಲ್ಲ. ಹಾಗಾಗಿ ಜ್ಞಾಪನೆ ಶುಕ್ರವಾರಕ್ಕೆ ಹಿಂದೆ ಬರಬೇಕು. ಒಂದು ದಿನ ತಡ ಆದ್ರೆ ಏನಾಗುತ್ತೆ ಅಂತೀರಾ? ಆಗಸ್ಟಲ್ಲಿ ಹಿಡಿದು ಸೆಪ್ಟೆಂಬರ್ 8ಕ್ಕೆ ಕಟ್ಟಿದ್ರೆ ಬಡ್ಡಿ ಶೇಕಡ ಒಂದೂವರೆ, ಹಿಡಿದ ದಿನದಿಂದ, ಅಂದ್ರೆ ಎರಡು ತಿಂಗಳ ಲೆಕ್ಕ, ಶೇಕಡ 3.

ಮೂರನೇದು, ಇದನ್ನೇ ನಾನು ಮತ್ತೆ ಮತ್ತೆ ಹೇಳೋದು, ಎಂಟ್ರಿ ಇಲ್ಲದೆ ಜ್ಞಾಪನೆ ಇಲ್ಲ. ಹಾಗಾಗಿ ತಿಂಗಳ ಮೊದಲ ಜ್ಞಾಪನೆ ತೆರಿಗೆಯದ್ದಾಗಿರಬಾರದು, ಎಂಟ್ರಿಯದ್ದಾಗಿರಬೇಕು. 2ನೇ ತಾರೀಖು ಬೆಳಿಗ್ಗೆ ಬರಲಿ: ಬ್ಯಾಂಕ್ ಎಂಟ್ರಿ ಯಾವ ದಿನದವರೆಗೆ ಆಗಿದೆ, ಸಸ್ಪೆನ್ಸಲ್ಲಿ ಎಷ್ಟು ಸಾಲು ಉಳಿದಿದೆ, ಗೇಟಿನ ಇನ್‌ವರ್ಡ್ ಪುಸ್ತಕದಲ್ಲಿದ್ದು ಬಿಲ್ ಆಗದೇ ಇರೋದು ಯಾವುದು. ಸಸ್ಪೆನ್ಸ್ ಖಾಲಿ ಆಗದೇ "ಈ ತಿಂಗಳು ಟಿಡಿಎಸ್ ಇಲ್ಲ" ಅಂತ ಸಾಫ್ಟ್‌ವೇರ್ ಹೇಳಲೇಬಾರದು. "ಗೊತ್ತಿಲ್ಲ, ಮೂರು ಸಾಲು ಬಾಕಿ ಇದೆ" ಅಂತ ಹೇಳಲಿ.

ಮುಚ್ಚೋದೂ ಹಾಗೇ. "ಸರಿ" ಒತ್ತಿದ್ರೆ ಹೋಗಬಾರದು, ಚಲನ್ ನಂಬರು, ಬ್ಯಾಂಕಿನ ಬಿಎಸ್‌ಆರ್ ಕೋಡು, ತಾರೀಖು ಎಂಟ್ರಿ ಆದಾಗ ತಾನೇ ಹೋಗಬೇಕು. ಆ ಚಲನ್ ಎಂಟ್ರಿಯಿಂದಲೇ ಮುಂದಿನದು ಹುಟ್ಟಬೇಕು, ತ್ರೈಮಾಸಿಕ ಟಿಡಿಎಸ್ ರಿಟರ್ನು, ಅದು ಸಲ್ಲಿಸಿದ ಮೇಲೆ ಪಾರ್ಟಿಗೆ ಟಿಡಿಎಸ್ ಸರ್ಟಿಫಿಕೇಟ್ ಕೊಡೋದು. ರಿಟರ್ನ್ ತಡ ಆದ್ರೆ ದಿನಕ್ಕೆ 200, ಟಿಡಿಎಸ್ ಮೊತ್ತದವರೆಗೆ, ಅದು ನಿಮಗೆಲ್ಲ ಅನುಭವ ಇರೋದೇ.

ಟೈಮ್ ಆಯ್ತು ಅಂತ ಚೀಟಿ ಬಂತು. ಇನ್ನೆರಡೇ ನಿಮಿಷ ಕೊಡಿ ಸರ್. ಮಿತಿಗಳ ಪಟ್ಟಿ ತಾರೀಖಿನ ಮೇಲೆ ಇರಬೇಕು, 2025 ಏಪ್ರಿಲ್ 1ರಿಂದ ವೃತ್ತಿಪರ ಶುಲ್ಕದ ಮಿತಿ 30,000 ಇಂದ 50,000 ಆಯ್ತು, ಬಾಡಿಗೆಯದ್ದು ವರ್ಷಕ್ಕೆ 2,40,000 ಇದ್ದದ್ದು ತಿಂಗಳಿಗೆ 50,000 ಆಯ್ತು. 2026 ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರೇ ಬೇರೆ. ಹಳೇ ಬಿಲ್ಲಿಗೆ ಹಳೇ ನಿಯಮ ಹಿಡಿಯುತ್ತಾ ಅಂತ ನೋಡ್ಕೊಳ್ಳಿ.

ಜಿಎಸ್‌ಟಿ ಬಗ್ಗೆ 11ನೇ ತಾರೀಖು 20ನೇ ತಾರೀಖು ಎಲ್ಲ ಹೇಳೋಕೆ ಹೋಗಲ್ಲ, ಅವು ಕ್ಯಾಲೆಂಡರ್‌ದೇ. ಎಂಟ್ರಿಯಿಂದ ಮಾತ್ರ ಹುಟ್ಟೋದು ಒಂದಿದೆ, 180 ದಿನದ್ದು. ಸಪ್ಲೈಯರ್ ಇನ್‌ವಾಯ್ಸ್ ತಾರೀಖಿಂದ 180 ದಿನದೊಳಗೆ ದುಡ್ಡು ಕೊಡದಿದ್ರೆ ತಗೊಂಡ ಇನ್‌ಪುಟ್ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಮಾಡ್ಬೇಕು, ಕೊಟ್ಟ ಮೇಲೆ ಮತ್ತೆ ತಗೋಬಹುದು. 150ನೇ ದಿನಕ್ಕೆ ಬಿಲ್ಲಿನ ನಂಬರ್ ಸಮೇತ ಮೆಸೇಜ್ ಬರೋ ಹಾಗೆ ಇಟ್ಕೊಳ್ಳಿ. ಇದು ಕೆಲಸ ಮಾಡ್ಬೇಕಾದ್ರೆ ಪೇಮೆಂಟ್ ಎಂಟ್ರಿಯನ್ನ ಬಿಲ್ಲಿಗೆ ಬಿಲ್ಲು ಹೊಂದಿಸಬೇಕು, "ಆನ್ ಅಕೌಂಟ್" ಅಂತ ಸುರಿದ್ರೆ ಯಾವ ಬಿಲ್ಲು ಬಾಕಿ ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗೋದೇ ಇಲ್ಲ.

ಏನಂದ್ರಿ ಅಣ್ಣಾ? ಅರ್ಧ ದುಡ್ಡು ಕೊಟ್ಟಿದ್ರೆ? ಕೊಡದೇ ಉಳಿದ ಭಾಗಕ್ಕೆ ಎಷ್ಟು ಕ್ರೆಡಿಟ್ ಬರುತ್ತೋ ಅಷ್ಟೇ ವಾಪಸ್ ಮಾಡಿದ್ರೆ ಸಾಕು, ಪೂರ್ತಿ ಬೇಡ. ಉಳಿದ ಪ್ರಶ್ನೆ ಕಾಫಿ ಹತ್ರ ಕೇಳಿ, ಅಲ್ಲೇ ಇರ್ತೀನಿ.