ಅಮ್ಮನ ಮನೆ, ಮಗನ ಪ್ಯಾನ್

ನಮಸ್ಕಾರ ಕೇಳುಗರೆ.

ಒಂದು ವ್ಯವಹಾರ ಹೀಗಿದೆ ಅಂದುಕೊಳ್ಳಿ. ಕಲಬುರಗಿಯ ಜೇವರ್ಗಿ ರಸ್ತೆಯ ಮನೆಯೊಂದು 60 ಲಕ್ಷಕ್ಕೆ ಮಾರಾಟವಾಯಿತು. ಅಕ್ಟೋಬರ್ 2024ರಲ್ಲಿ ರಿಜಿಸ್ಟ್ರಿ. ಮನೆ ತಾಯಿಯ ಹೆಸರಲ್ಲಿತ್ತು, ಆದರೆ ಮಾತುಕತೆ ಎಲ್ಲ ಮಗನದೇ. 50 ಲಕ್ಷ ಅಥವಾ ಮೇಲ್ಪಟ್ಟ ಆಸ್ತಿಗೆ ಕೊಂಡವರು ನೂರಕ್ಕೆ ಒಂದು ರೂಪಾಯಿ ಟಿಡಿಎಸ್, ಅಂದರೆ ಮಾರಿದವರ ಲೆಕ್ಕದ ತೆರಿಗೆ, ಹಿಡಿಯಬೇಕು. ಅವರು 60 ಸಾವಿರ ಹಿಡಿದರು, ಅದಕ್ಕಿರುವ 26QB ಫಾರ್ಮ್ ತುಂಬಿ ಕಟ್ಟಿದರು. ಮಾರಿದವರ ಪ್ಯಾನ್ ಜಾಗದಲ್ಲಿ ವಾಟ್ಸಾಪ್‌ನಲ್ಲಿ ಸಿಕ್ಕ ಮಗನ ಪ್ಯಾನ್ ಹಾಕಿಬಿಟ್ಟರು. ಅದೂ ಅಸಲಿ ಪ್ಯಾನೇ, ಹಾಗಾಗಿ ಫಾರ್ಮ್ ತಕರಾರು ಮಾಡಲಿಲ್ಲ.

ರಿಟರ್ನ್ ಹಾಕುವ ಹೊತ್ತಿಗೆ ತಾಯಿಯ 26AS, ಅಂದರೆ ಅವರ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ, ತೆಗೆದರೆ ಅಲ್ಲಿ ಏನೂ ಇಲ್ಲ. 60 ಸಾವಿರ ಮಗನ 26ASನಲ್ಲಿ ಕೂತಿದೆ. ಮಗ ಅದನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿಕೊಂಡರೆ ಗಂಟು ಇನ್ನೂ ಬಿಗಿಯಾಗುತ್ತದೆ. ಆತ ಸುಮ್ನೆ ಬಿಡಬೇಕು.

ಇದನ್ನು ತಾಯಿ ಸರಿಪಡಿಸೋಕೆ ಆಗಲ್ಲ. ಫಾರ್ಮ್ ತುಂಬಿದ್ದು ಕೊಂಡವರು, ಬದಲಾಯಿಸಬೇಕಾದವರೂ ಅವರೇ. ಹಾಗಂತ ಹೊಸದಾಗಿ 26QB ತುಂಬಲು ಹೋಗಬೇಡಿ, ಮತ್ತೆ 60 ಸಾವಿರ ಕಟ್ಟಬೇಕಾಗುತ್ತದೆ.

ಕೊಂಡವರು ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ಜಾಲತಾಣವಾದ ಟ್ರೇಸಸ್‌ನಲ್ಲಿ ತಮ್ಮ ಪ್ಯಾನ್‌ನಿಂದ ತೆರಿಗೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಒಳಗೆ 26QBಗೆ Request for Correction ಇರುತ್ತದೆ. ಅಸೆಸ್‌ಮೆಂಟ್ ವರ್ಷ ಇಲ್ಲಿ 2025-26. ಅದರ ಜೊತೆ ಹಳೆಯ ಅಕ್ನಾಲೆಜ್‌ಮೆಂಟ್ ಸಂಖ್ಯೆ ಮತ್ತು ಮಾರಿದವರ ಪ್ಯಾನ್ ಕೇಳುತ್ತದೆ. ಇಲ್ಲಿ ಎಡವುವವರು ಜಾಸ್ತಿ: ಮೊದಲ ಹಂತದಲ್ಲಿ ಹಾಕಬೇಕಾದ್ದು ಹಿಂದೆ ತುಂಬಿದ ತಪ್ಪು ಪ್ಯಾನ್, ಅಂದರೆ ಮಗನದು. ಹಳೆಯ ಫಾರ್ಮ್ ಹುಡುಕಲು ಅದೇ ಬೇಕಲ್ವಾ? ಕೋರಿಕೆಯ ಸ್ಥಿತಿ Available ಅಂತ ಬಂದ ಮೇಲೆ ಅದನ್ನು ತೆರೆದು ತಾಯಿಯ ಪ್ಯಾನ್ ಹಾಕಬೇಕು. ಕಾರ್ಡ್ ಎದುರಿಗಿಟ್ಟುಕೊಂಡೇ ಹಾಕಿ. ವ್ಯಕ್ತಿಯ ಪ್ಯಾನ್ ಆದರೆ ನಾಲ್ಕನೆಯ ಅಕ್ಷರ P ಇರುತ್ತದೆ.

ಆಮೇಲೆ ಡಿಜಿಟಲ್ ಸಹಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ದೃಢೀಕರಣ. ಎರಡೂ ಇಲ್ಲದಿದ್ದರೆ ತಿದ್ದುಪಡಿಯ ಪ್ರಿಂಟ್, ಪ್ಯಾನ್ ಕಾರ್ಡ್, ಹಣ ಕಟ್ಟಿದ ರಸೀದಿ, ಕ್ರಯಪತ್ರ ಹಿಡಿದು ತೆರಿಗೆ ಅಧಿಕಾರಿಯ ಬಳಿ ಹೋಗಬೇಕು. ಅಧಿಕಾರಿ ಯಾರು ಅನ್ನೋದು ಮನೆ ಎಲ್ಲಿದೆ ಅನ್ನೋದರ ಮೇಲಲ್ಲ, ಕೊಂಡವರ ಪ್ಯಾನ್ ಯಾವ ಕಚೇರಿಗೆ ಸೇರಿದೆ ಅನ್ನೋದರ ಮೇಲೆ. ಮನೆ ಕಲಬುರಗಿಯಲ್ಲೇ ಇದ್ದರೂ ಅದು ಬೆಂಗಳೂರಿನ ಕಚೇರಿ ಆಗಿರಬಹುದು. ಹೋಗುವ ಮುಂಚೆ ಆದಾಯ ತೆರಿಗೆ ಇ-ಫೈಲಿಂಗ್ ತಾಣದಲ್ಲಿ ನೋಡಿಕೊಳ್ಳಿ. ಪ್ಯಾನ್ ಬದಲಾವಣೆ ಅಂದಮೇಲೆ ಮಾರಿದವರ ಒಪ್ಪಿಗೆಯನ್ನೂ ಕೇಳಬಹುದು, ತಾಯಿಗೆ ಮೊದಲೇ ತಿಳಿಸಿರಲಿ.

ಸ್ಥಿತಿ Processed ಆದ ಮೇಲೂ ತಾಯಿಯ 26ASನಲ್ಲಿ 60 ಸಾವಿರ ಕಂಡಿತೇ ಅಂತ ನೋಡಿ. ಕೊಂಡವರು ಹೊಸ 16B, ಅಂದರೆ ಟಿಡಿಎಸ್ ಪ್ರಮಾಣಪತ್ರ, ಇಳಿಸಿಕೊಂಡು ಅವರಿಗೆ ಕೊಡಬೇಕು, ಹಳೆಯದರಲ್ಲಿ ಇನ್ನೂ ಮಗನ ಪ್ಯಾನ್ ಇದೆ.