ಲೋಟದಲ್ಲಿ ಕಾಣದ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಕಿಡ್ನಿ ಕೆಲಸ ನಿಲ್ಲಿಸಿದವರ ರಕ್ತವನ್ನು ಮಷೀನ್‌ನಲ್ಲಿ ಶುದ್ಧ ಮಾಡುವ ಡಯಾಲಿಸಿಸ್ ಘಟಕವೊಂದರಲ್ಲಿ ನಾನು ನರ್ಸ್. ನಮ್ಮಲ್ಲಿಗೆ ಬಂದವರು ಮೊದಲು ಹತ್ತುವುದು ತೂಕದ ಯಂತ್ರ. ಅಲ್ಲಿ ನಾನು ಹೆಚ್ಚು ಕೇಳುವ ಮಾತು ಒಂದೇ: "ಸಿಸ್ಟರ್, ನಾನು ನೀರೇ ಕುಡಿದಿಲ್ಲ." ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೂ ತೂಕ ಮೂರು ನಾಲ್ಕು ಕಿಲೋ ಏರಿರುತ್ತದೆ. ಆ ನೀರು ಎಲ್ಲಿಂದ ಬಂತು ಅನ್ನುವುದೇ ಇವತ್ತಿನ ನನ್ನ ಮಾತು.

ಮೊದಲೇ ಒಂದು ಎಚ್ಚರಿಕೆ. ಈ ಮಾತು ಎಲ್ಲ ಕಿಡ್ನಿ ರೋಗಿಗಳಿಗೂ ಅಲ್ಲ. ಕಿಡ್ನಿಯಲ್ಲಿ ಕಲ್ಲು ಇರುವವರಿಗೆ ಸಾಮಾನ್ಯವಾಗಿ ಜಾಸ್ತಿ ನೀರು ಕುಡಿಯಿರಿ ಅಂತಲೇ ಹೇಳುತ್ತಾರೆ. ಕಾಯಿಲೆ ಶುರುವಿನ ಹಂತದಲ್ಲಿದ್ದು, ಮೂತ್ರ ಚೆನ್ನಾಗಿ ಹೋಗುತ್ತಿರುವವರು ತಾವಾಗಿಯೇ ನೀರು ಕಡಿಮೆ ಮಾಡಬಾರದು. ಕಿಡ್ನಿ ಬಹುಪಾಲು ಕೆಲಸ ನಿಲ್ಲಿಸಿ, ಮೂತ್ರ ಕಡಿಮೆಯಾಗಿ, ವೈದ್ಯರು "ಇನ್ನು ನೀರು ಅಳತೆಯಲ್ಲಿ" ಅಂತ ಹೇಳಿದವರಿಗಷ್ಟೇ ಇದು.

ನಮ್ಮಲ್ಲಿಗೆ ಮಂಗಳವಾರ ಮತ್ತು ಶುಕ್ರವಾರ ಬರುವ ಒಬ್ಬ ಅಜ್ಜನ ಕಥೆ ಹೇಳುತ್ತೇನೆ. ಬಿಸಿಲುನಾಡಿನ ರೈತರು. ಅವರ ಡ್ರೈ ವೇಟ್ 55 ಕಿಲೋ. ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ ಇರಬೇಕಾದ ತೂಕಕ್ಕೆ ನಾವು ಹಾಗೆ ಹೇಳುತ್ತೇವೆ. ಒಂದು ಮಂಗಳವಾರ ಅವರು ಬಂದಾಗ ತೂಕ 59.2 ಕಿಲೋ ಇತ್ತು. ನಾಲ್ಕು ದಿನದಲ್ಲಿ 4.2 ಕಿಲೋ ಏರಿಕೆ. ಕೆಲವೇ ದಿನಗಳಲ್ಲಿ ಹೀಗೆ ಏರಿದ್ದು ಮಾಂಸವೂ ಅಲ್ಲ, ಕೊಬ್ಬೂ ಅಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ನಾಲ್ಕು ಲೀಟರ್‌ಗೂ ಹೆಚ್ಚು ನೀರು ಅವರ ಮೈಯಲ್ಲಿ ನಿಂತಿತ್ತು. ಕಾಲಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿಯುತ್ತಿತ್ತು. ಹಿಂದಿನ ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗಿ, ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ದರು.

"ಹೇಗಿದ್ದರೂ ಮಷೀನ್ ನೀರು ತೆಗೆಯುತ್ತದಲ್ವಾ?" ಅಂತ ಮನೆಯವರು ಕೇಳಿದರು. ತೆಗೆಯುತ್ತದೆ, ಆದರೆ ಅದಕ್ಕೂ ಮಿತಿ ಇದೆ. ಮಷೀನ್ ನೀರು ತೆಗೆಯುವುದು ರಕ್ತದಿಂದ. ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಂತ ನೀರು ನಿಧಾನವಾಗಿ ರಕ್ತಕ್ಕೆ ಮರಳಬೇಕು. ಅದು ಮರಳುವುದಕ್ಕಿಂತ ಬೇಗ ನಾವು ಎಳೆದರೆ ಬಿಪಿ ಕುಸಿಯುತ್ತದೆ. ಮೀನಖಂಡ ಹಿಡಿದುಕೊಳ್ಳುತ್ತದೆ, ವಾಂತಿ ಬರುತ್ತದೆ, ಹೃದಯಕ್ಕೂ ಪೆಟ್ಟು. ಅದಕ್ಕೇ ಗಂಟೆಗೆ, ಒಂದು ಕಿಲೋ ತೂಕಕ್ಕೆ, 13 ಮಿಲಿಲೀಟರ್ ಮೀರಬಾರದು ಅನ್ನುವ ಲೆಕ್ಕ ಇಟ್ಟುಕೊಳ್ಳುತ್ತೇವೆ. ಅಜ್ಜನ 55 ಕಿಲೋಗೆ ನಾಲ್ಕು ಗಂಟೆಯಲ್ಲಿ ಅದು ಸುಮಾರು 2.8 ಲೀಟರ್ ಆಗುತ್ತದೆ. ಉಳಿದ 1.4 ಲೀಟರ್‌ಗಾಗಿ ಮರುದಿನ ಅವರನ್ನು ಮತ್ತೆ ಕರೆಸಬೇಕಾಯಿತು.

ಅವತ್ತು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ದಿನದ ಲೆಕ್ಕ ಬರೆದೆ. "ಇವರು ನೀರಿನ ಚೊಂಬು ಮುಟ್ಟೋದೇ ಇಲ್ರೀ" ಅಂದರು ಅಜ್ಜಿ. ಸರಿ, ನೀರು ಬಿಟ್ಟು ಉಳಿದದ್ದು ಹೇಳಿ ಅಂದೆ. ಬೆಳಿಗ್ಗೆ ಸಂಜೆ ಚಹಾ, ಒಂದೊಂದು ಲೋಟ: 300 ಮಿಲಿ. ಎರಡು ಊಟಕ್ಕೆ ಸಾರು, ರೊಟ್ಟಿ ಮುಳುಗುವಷ್ಟು: 300. ಮಧ್ಯಾಹ್ನ ಮಜ್ಜಿಗೆ: 200. ಆಮೇಲೆ ಮಾತ್ರೆ. ದಿನಕ್ಕೆ ಮೂರು ಸಲ, ಪ್ರತಿ ಸಲವೂ ಒಂದು ಲೋಟ ತುಂಬಾ ನೀರು: 600. ಮಾತ್ರೆಗೆ ಕುಡಿದ ನೀರನ್ನು ಅವರು ನೀರು ಅಂತಲೇ ಎಣಿಸಿರಲಿಲ್ಲ, ಅದು ಔಷಧಿಯ ಲೆಕ್ಕ! ಎಲ್ಲ ಸೇರಿ 1,400 ಮಿಲಿ. ಚೊಂಬು ಮುಟ್ಟದೆಯೇ.

ಅವರಿಗೆ ಎಷ್ಟು ಸಲ್ಲುತ್ತದೆ? ಡಯಾಲಿಸಿಸ್‌ನಲ್ಲಿರುವವರಿಗೆ ಸಾಮಾನ್ಯ ಲೆಕ್ಕ ಹೀಗಿದೆ. ಒಂದು ದಿನಕ್ಕೆ ಎಷ್ಟು ಮೂತ್ರ ಹೋಗುತ್ತದೋ ಅಷ್ಟು, ಅದರ ಮೇಲೆ 500 ಮಿಲಿ. ಆ 500 ಯಾಕೆ ಅಂದರೆ ಉಸಿರಿನಲ್ಲಿ, ಚರ್ಮದಲ್ಲಿ ನಮಗೆ ಗೊತ್ತಾಗದೆ ನೀರು ಹೋಗುತ್ತಲೇ ಇರುತ್ತದೆ. ಅದರಲ್ಲಿ ಒಂದು ಪಾಲನ್ನು ಅನ್ನ, ರೊಟ್ಟಿ, ಪಲ್ಯದೊಳಗಿನ ನೀರು ತುಂಬುತ್ತದೆ, ಉಳಿದದ್ದನ್ನು ಕುಡಿದು ತುಂಬಬೇಕು. ಅಜ್ಜನಿಗೆ ದಿನಕ್ಕೆ 250 ಮಿಲಿ ಮೂತ್ರ ಹೋಗುತ್ತಿತ್ತು. ಹಾಗಾಗಿ ಅವರ ಪಾಲು 750. ನಿಮ್ಮ ಪಾಲು ತಿಳಿಯಬೇಕಾದರೆ ಒಂದು ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆವರೆಗೆ ಮೂತ್ರವನ್ನು ಅಳತೆಯ ಡಬ್ಬಿಯಲ್ಲಿ ಕೂಡಿಡಿ. ಆ ಅಂಕಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ಅವರು ಹೇಳಿದ ಅಳತೆ ಹಿಡಿಯಿರಿ. ಮೂತ್ರ ದಿನ ಕಳೆದಂತೆ ಕಡಿಮೆಯಾಗಬಹುದು, ಅದಕ್ಕೆ ಆಗಾಗ ಮತ್ತೆ ಅಳೆಯಬೇಕು.

ಬರೀ "ಕಡಿಮೆ ಕುಡಿಯಿರಿ" ಅಂತ ಬೈದರೆ ಯಾರಿಗೂ ಆಗುವುದಿಲ್ಲ. ಬಾಯಾರಿಕೆ ಚಟವಲ್ಲ. ಮಿದುಳಿನಲ್ಲಿ ರಕ್ತದ ಉಪ್ಪಿನಂಶವನ್ನು ಕಾಯುವ ಒಂದು ಜಾಗ ಇದೆ. ಉಪ್ಪು ಸ್ವಲ್ಪ ಏರಿದರೂ ಅದು ನೀರು ಬೇಕು ಅಂತ ಕೂಗುತ್ತದೆ, ನೀರು ಸಿಗುವ ತನಕ ಬಿಡುವುದಿಲ್ಲ. ಸುಮಾರು 8 ಗ್ರಾಂ ಉಪ್ಪು, ಅಂದರೆ ಒಂದೂವರೆ ಟೀ ಚಮಚ, ಮೈಯಲ್ಲಿ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ನಮ್ಮ ಕಿಡ್ನಿ ಸರಿ ಇದ್ದರೆ ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಇವರಲ್ಲಿ ಆ ದಾರಿಯೇ ಮುಚ್ಚಿದೆ. ಹಾಗಾಗಿ ಉಪ್ಪು ತಿಂದು ನೀರು ಬಿಡುತ್ತೇನೆ ಅನ್ನುವುದು ಆಗದ ಮಾತು. ನನ್ನನ್ನು ಕೇಳಿದರೆ, ನೀರಿನ ಲೋಟಕ್ಕಿಂತ ಮೊದಲು ಉಪ್ಪಿನ ಡಬ್ಬಿ ನೋಡಬೇಕು.

ಅಜ್ಜನ ತಟ್ಟೆಯಲ್ಲಿ ಏನೇನಿತ್ತು? ಮಾವಿನ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಮೇಲೆ ಮಜ್ಜಿಗೆಗೂ ಉಪ್ಪು. ದಿನಕ್ಕೆ ಎಲ್ಲ ಅಡುಗೆ ಸೇರಿ ಒಂದು ಟೀ ಚಮಚದ ಒಳಗೆ, ಸುಮಾರು 5 ಗ್ರಾಂ, ಅಂತ ಅಜ್ಜಿಗೆ ಹೇಳಿದೆ. ಅವರೇ ಒಂದು ಉಪಾಯ ಮಾಡಿದರು. ಅಜ್ಜನ ಪಲ್ಯವನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಟ್ಟು, ಹುಳಿಗೆ ನಿಂಬೆರಸ, ಘಮಕ್ಕೆ ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಮೊದಲ ವಾರ ಅಜ್ಜ ಮುಖ ಸಿಂಡರಿಸಿದರಂತೆ. ಎರಡು ಮೂರು ವಾರ ಕಳೆದ ಮೇಲೆ ನಾಲಿಗೆ ಒಗ್ಗಿತು. ಇಲ್ಲಿ ಒಂದು ಅಪಾಯ ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪನ್ನು ದಯವಿಟ್ಟು ತರಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ, ಅದು ಇವರ ಹೃದಯದ ಬಡಿತವನ್ನೇ ನಿಲ್ಲಿಸಬಹುದು. ಬಾಯಾರಿಕೆಗೆ ಒಳ್ಳೆಯದು ಅಂತ ಎಳನೀರು ಕೊಡುವುದೂ ಇದೇ ಕಾರಣಕ್ಕೆ ಬೇಡ.

ಸಕ್ಕರೆ ಕಾಯಿಲೆಯೂ ಇದ್ದರೆ ಬಾಯಾರಿಕೆಗೆ ಇನ್ನೊಂದು ಕಾರಣ ಸೇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಅದೂ ಉಪ್ಪಿನ ಹಾಗೇ ನೀರು ಬೇಡುತ್ತದೆ. ಉಪ್ಪು ಇಳಿಸಿದರೂ ಬಾಯಾರಿಕೆ ಇಳಿಯದಿದ್ದರೆ ಶುಗರ್ ಪರೀಕ್ಷೆ ಮಾಡಿಸಿ.

ಈಗ ಆ 750 ಮಿಲಿಯನ್ನು ಹಂಚಿದ ಬಗೆ. ಅಜ್ಜಿ ದಿನಾ ಬೆಳಿಗ್ಗೆ ಒಂದು ಬಾಟಲಿಗೆ ಸರಿಯಾಗಿ 750 ತುಂಬಿ ಕಿಟಕಿಯಲ್ಲಿ ಇಡುತ್ತಾರೆ. ಅಜ್ಜ ಚಹಾ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯುತ್ತಾರೆ. ಸಾರಿಗೂ ಹಾಗೇ. ಬಾಟಲಿಯಲ್ಲಿ ಉಳಿದದ್ದೇ ಉಳಿದ ಪಾಲು, ಓದು ಬರಹ ಬಾರದವರಿಗೂ ಕಣ್ಣಿಗೆ ಕಾಣುತ್ತದೆ. ಬೆಳಿಗ್ಗೆ ಚಹಾ 100, ಸಂಜೆ 80. ಸಾರು ಊಟಕ್ಕೆ 60ರಂತೆ 120, ಉಳಿದಂತೆ ರೊಟ್ಟಿಗೆ ಒಣ ಪಲ್ಯ. ಮಾತ್ರೆಗೆ ಸಲಕ್ಕೆ 50ರಂತೆ 150. ಊಟದ ಜೊತೆ ತೆಗೆದುಕೊಳ್ಳುವ ಮಾತ್ರೆ ಇದ್ದರೆ, ವೈದ್ಯರನ್ನು ಕೇಳಿ, ತುತ್ತಿನ ಜೊತೆಗೇ ನುಂಗಬಹುದು. ಇಷ್ಟಕ್ಕೆ 450 ಆಯಿತು. ಉಳಿದ 300 ಬರೀ ಬಾಯಾರಿಕೆಗೆ.

ಈ 300ನ್ನು ಒಂದೇ ಸಲ ಗಟಗಟ ಕುಡಿದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಒಂದು ಗಂಟೆಗೆ ಬಾಯಿ ಮತ್ತೆ ಒಣಗುತ್ತದೆ. 30 ಮಿಲಿಯಂತೆ ಹತ್ತು ಪಾಲು ಮಾಡಿದರೆ ಇಡೀ ದಿನ ಬರುತ್ತದೆ. ಕೆಮ್ಮಿನ ಔಷಧಿಯ 10 ಮಿಲಿ ಗುರುತಿನ ಮುಚ್ಚಳ ಇದ್ದರೆ ಮೂರು ಮುಚ್ಚಳ. ಚಿಕ್ಕ ಲೋಟಕ್ಕೆ ಹಾಕಿ, ಗುಟುಕನ್ನು ತಕ್ಷಣ ನುಂಗದೆ ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಆಡಿಸಿ, ಆಮೇಲೆ ನುಂಗಬೇಕು. ಬಾಯಿ ಒದ್ದೆಯಾದರೆ ಅರ್ಧ ಬಾಯಾರಿಕೆ ಹೋಗುತ್ತದೆ. ತಣ್ಣೀರು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಫ್ರಿಜ್ ಇರುವವರು ಆ ಪಾಲಿನಿಂದಲೇ ಐಸ್ ಮಾಡಿಟ್ಟು ಒಂದೊಂದು ತುಂಡು ಬಾಯಲ್ಲಿಟ್ಟುಕೊಳ್ಳಿ. ಒಂದು ಸಣ್ಣ ತುಂಡಿನಲ್ಲಿ 15ರಿಂದ 20 ಮಿಲಿ ಇರುತ್ತದೆ, ಕರಗಲು ಹೊತ್ತು ಬೇಕು. ಐಸ್ ಕೂಡ ನೀರೇ, ಲೆಕ್ಕಕ್ಕೆ ಹಿಡಿಯಲೇಬೇಕು.

ನುಂಗದೆ ಬಾಯಿ ಒದ್ದೆ ಮಾಡುವ ದಾರಿಗಳೂ ಇವೆ. ತಣ್ಣೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿ, ಅದು ಲೆಕ್ಕಕ್ಕಿಲ್ಲ. ನಿಂಬೆಯ ಸಣ್ಣ ಹೋಳು, ಒಂದು ಏಲಕ್ಕಿ ಅಥವಾ ಲವಂಗ ಬಾಯಲ್ಲಿಟ್ಟರೆ ಜೊಲ್ಲು ಊರುತ್ತದೆ. ನಮ್ಮ ಅಜ್ಜನಿಗೆ ಲವಂಗ ಸರಿಹೋಯಿತು. ತುಟಿ ಒಡೆದರೆ ತುಪ್ಪ ಹಚ್ಚಿ. ಬಾಯಿ ತೆರೆದು ಮಲಗುವವರಿಗೆ ಬೆಳಿಗ್ಗೆ ಬಾಯಿ ಒಣಗಿರುತ್ತದೆ, ಅವರು ಮೊದಲು ಹಲ್ಲುಜ್ಜಿ, ಆಮೇಲೆ ನೀರು ಬೇಕಾ ಅಂತ ನೋಡಿ. ಕೆಲವು ಶೀತದ ಮಾತ್ರೆ, ಬಿಪಿ ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಅನುಮಾನ ಬಂದರೆ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ಹೇಳಿ.

ಇಷ್ಟೆಲ್ಲ ಮಾಡಿದ ಮೇಲೆ ಅಜ್ಜನ ಮಂಗಳವಾರದ ಏರಿಕೆ ಎರಡೂವರೆ ಕಿಲೋ ಆಸುಪಾಸಿಗೆ ಇಳಿಯಿತು. ಮದುವೆ ಊಟ ಉಂಡ ವಾರ ಮತ್ತೆ ಮೂರೂವರೆಗೆ ಹೋಯಿತು. ಊಟದಲ್ಲಿ ಉಪ್ಪು ಎಷ್ಟಿತ್ತು ಅಂತ ತೂಕವೇ ಹೇಳಿತು. ಆಮೇಲೆ ಅವರು ಮನೆಯಲ್ಲೇ ತೂಕ ನೋಡಲು ಶುರು ಮಾಡಿದರು. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಹಾಕ್ಕೆ ಮೊದಲು, ದಿನಾ ಅದೇ ಯಂತ್ರದಲ್ಲಿ. ದಿನಕ್ಕೆ ಒಂದು ಕಿಲೋ ಮೀರಿದರೆ ಹಿಂದಿನ ದಿನದ ತಟ್ಟೆ, ಲೋಟ ಎರಡನ್ನೂ ನೆನಪು ಮಾಡಿಕೊಳ್ಳುತ್ತಾರೆ.

ಹಾಗಂತ ನೀರನ್ನು ಪೂರ್ತಿ ಬಿಡುವುದೂ ತಪ್ಪು. ವಾಂತಿ ಭೇದಿ ಆದಾಗ, ಹೊಲದಲ್ಲಿ ಬೆವರು ಸುರಿದಾಗ ಲೆಕ್ಕ ಬದಲಾಗುತ್ತದೆ. ಆಗ ತಲೆ ಸುತ್ತಿದರೆ, ಬಿಪಿ ಇಳಿದರೆ ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿ ಕೇಳಿ. ಬಿಪಿ ತೀರಾ ಇಳಿದರೆ, ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿ ಕೈಯಲ್ಲಿ ಮಾಡಿದ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇದೆ. ಕೈಯಿಟ್ಟು ನೋಡಿ, ಅಲ್ಲಿ ದಿನಾ ಗೊತ್ತಾಗುವ ಜುಮುಜುಮು ನಿಂತಿದ್ದರೆ ಕೂಡಲೇ ಆಸ್ಪತ್ರೆಗೆ ಬನ್ನಿ.

ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ದಿಂಬಿನ ಮೇಲೆ ದಿಂಬು ಬೇಕಾಗುತ್ತಿದ್ದರೆ, ನಿಮ್ಮ ಡಯಾಲಿಸಿಸ್ ದಿನ ಬರಲಿ ಅಂತ ಕಾಯಬೇಡಿ. ನಡುರಾತ್ರಿಯಾದರೂ ಸರಿ, ರೋಗಿಯನ್ನು ಮಲಗಿಸದೆ ಕೂರಿಸಿಕೊಂಡೇ ಕರೆತನ್ನಿ. ನಮಸ್ಕಾರ.